ನೋವು ಹೋದರೂ ಉಳುಕು ವಾಸಿಯಾಗಿರುವುದಿಲ್ಲ

2022ರ ನವೆಂಬರ್ 24ರಂದು ಕತಾರ್ ವಿಶ್ವಕಪ್‌ನಲ್ಲಿ ಸರ್ಬಿಯಾ ವಿರುದ್ಧ ಆಡುವಾಗ ಬ್ರೆಜಿಲ್‌ನ ನೇಮರ್ ಅವರ ಬಲಪಾದದ ಗಂಟು ಉಳುಕಿತು. ಎರಡು ಪಂದ್ಯ ಹೊರಗುಳಿದು, ಡಿಸೆಂಬರ್ 5ಕ್ಕೆ ಮರಳಿ ಬಂದು ಗೋಲು ಹೊಡೆದರು. ಆದರೆ ಮರುವರ್ಷದ ಫೆಬ್ರುವರಿಯಲ್ಲಿ ಅದೇ ಗಂಟು ಮತ್ತೆ ಉಳುಕಿತು. ಮಾರ್ಚ್‌ನಲ್ಲಿ ದೋಹಾದಲ್ಲಿ ಲಿಗಮೆಂಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು.

ಒಮ್ಮೆ ಉಳುಕಿದ ಗಂಟು ಮತ್ತೆ ಉಳುಕುವುದು ಸಾಮಾನ್ಯ. ಪಾದ ಒಳಮುಖವಾಗಿ ಮಗುಚಿದಾಗ ಹೊರಬದಿಯ ಲಿಗಮೆಂಟ್ ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಜೊತೆಗೆ, ಪಾದ ಯಾವ ಕೋನದಲ್ಲಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳಿಗೂ ಪೆಟ್ಟಾಗುತ್ತದೆ. ನೋವು ಬೇಗ ಇಳಿಯುತ್ತದೆ, ಈ ಎಚ್ಚರ ತಾನಾಗಿ ಮರಳುವುದಿಲ್ಲ.

ವಾರಕ್ಕೊಮ್ಮೆ ಟರ್ಫ್‌ನಲ್ಲಿ ಆಡುವವನೊಬ್ಬನಿಗೆ ಹೀಗಾಯಿತು ಎಂದುಕೊಳ್ಳೋಣ. ಅವನು ಮೊದಲು ನೋಡಬೇಕಾದದ್ದು ಮೂಳೆ ಮುರಿದಿದೆಯೇ ಎಂದು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗಂಟಿನ ಎರಡು ಬದಿಯ ಉಬ್ಬುಮೂಳೆಗಳ ಹಿಂಬದಿ, ತುದಿ ಒತ್ತಿದರೆ ನೋವಾದರೆ ಎಕ್ಸ್‌ರೇ ಬೇಕು.

ಮುರಿತವಿಲ್ಲದಿದ್ದರೆ ಮೊದಲ ಎರಡು ಮೂರು ದಿನ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಾಲನ್ನು ಎತ್ತರದಲ್ಲಿಡಬೇಕು. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಬಹುದು. ಎಣ್ಣೆ ಹಚ್ಚಿ ಉಜ್ಜುವುದು, ಬಿಸಿ ಶಾಖ ಕೊಡುವುದು ಈಗ ಬೇಡ, ಊತ ಹೆಚ್ಚಬಹುದು.

ಹಾಗೆಂದು ವಾರಗಟ್ಟಲೆ ಮಲಗುವುದೂ ತಪ್ಪು. ನೋವು ತಡೆದುಕೊಳ್ಳುವಷ್ಟಾದ ಕೂಡಲೇ ಪಾದ ಆಡಿಸುತ್ತಾ ನಡೆಯಲು ತೊಡಗಬೇಕು. ಕುಂಟದೆ ನಡೆಯುವಂತಾದ ಮೇಲೆ ರಬ್ಬರ್ ಬ್ಯಾಂಡ್ ಎಳೆದು ಪಾದವನ್ನು ಹೊರಕ್ಕೆ ತಿರುಗಿಸುವುದು, ಹಿಮ್ಮಡಿ ಎತ್ತಿಳಿಸುವುದು, ಒಂಟಿಕಾಲಿನಲ್ಲಿ ನಿಲ್ಲುವುದು. ಕಣ್ಣು ತೆರೆದು ಅಲುಗದೆ ನಿಂತವನು ಕಣ್ಣು ಮುಚ್ಚಿ ನಿಲ್ಲಲಿ. ಆಗ ತೂರಾಡಿದರೆ ಪಾದದ ಎಚ್ಚರ ಇನ್ನೂ ಮರಳಿಲ್ಲ ಎಂದು ತಿಳಿಯುತ್ತದೆ. ಗೆಳೆಯನೊಬ್ಬ ಚೆಂಡು ಎಸೆದು, ಇವನು ಒಂಟಿಕಾಲಿನಲ್ಲೇ ಹಿಡಿಯುವುದು ಮುಂದಿನ ಅಭ್ಯಾಸ.

ಆಟಕ್ಕೆ ಮರಳುವಾಗ ಹೆಚ್ಚಿನವರು ಎಡವುವುದು ನೇರ ಓಟಕ್ಕೂ ಪಂದ್ಯಕ್ಕೂ ನಡುವೆ. ನೇರ ಓಡಿದವನು ಮರುದಿನವೇ ಪಂದ್ಯಕ್ಕಿಳಿಯುತ್ತಾನೆ; ಎದುರಾಳಿಯನ್ನು ತಪ್ಪಿಸಲು ಗಕ್ಕನೆ ತಿರುಗಿದಾಗ ಪಾದ ಮತ್ತೆ ಮಗುಚುತ್ತದೆ. ಆದ್ದರಿಂದ ಒಂಟಿಕಾಲಿನಲ್ಲಿ ಕುಪ್ಪಳಿಸಿ ಎರಡೂ ಕಾಲಿನ ದೂರ ಹೋಲಿಸಬೇಕು. ಸರಿಸುಮಾರು ಸಮವಾದ ಮೇಲೆ ಎಂಟರ ಆಕಾರದಲ್ಲಿ ಓಟ, ಆಮೇಲೆ ಥಟ್ಟನೆ ದಿಕ್ಕು ಬದಲಿಸುವುದು, ಪಾಸ್, ಶಾಟ್, ಕೊನೆಗೆ ಟ್ಯಾಕಲ್ ಇರುವ ಆಟ. ಪ್ರತಿ ಹಂತದ ಮರುದಿನ ಗಂಟು ಊದಿದ್ದರೆ ಒಂದು ಹಂತ ಹಿಂದಕ್ಕೆ.

ಸಣ್ಣ ಉಳುಕಿಗೆ ಇದೆಲ್ಲ ಒಂದೆರಡು ವಾರದ ಕೆಲಸ, ಭಾಗಶಃ ಹರಿದಿದ್ದರೆ ಆರು ವಾರವಾದರೂ ಹಿಡಿಯಬಹುದು. ಮರಳಿದ ಮೇಲೂ ಕೆಲವು ತಿಂಗಳು ಆಡುವಾಗ ಆಂಕಲ್ ಬ್ರೇಸ್ ಕಟ್ಟಿಕೊಂಡು, ಸಮತೋಲನದ ಅಭ್ಯಾಸ ಮುಂದುವರಿಸಿದರೆ ಮತ್ತೆ ಉಳುಕುವ ಸಾಧ್ಯತೆ ಕಡಿಮೆಯಾಗುತ್ತದೆ. ಇಷ್ಟರ ಮೇಲೂ ಸಮತಟ್ಟು ನೆಲದಲ್ಲೇ ಪಾದ ಕೈಕೊಡುತ್ತಿದ್ದರೆ ಮೂಳೆತಜ್ಞರಿಗೆ ತೋರಿಸಬೇಕು.