ಒಂದು ಪ್ರತಿ, ಇಬ್ಬರು ವಿದ್ಯಾರ್ಥಿಗಳು

ಬಿ.ಇ. ಅಥವಾ ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ ವಿದ್ಯಾರ್ಥಿ ನಿಜವಾಗಿ ಏನು ಮಾಡಿದ್ದಾನೆ ಎಂಬುದು ತಿಳಿಯುವುದು ಮೂರು ಭಾಗಗಳಲ್ಲಿ: ಅಪ್ಲಿಕೇಶನ್ನಿನ ರಚನೆ, ಡೇಟಾಬೇಸ್ ವಿನ್ಯಾಸ ಮತ್ತು ಪರೀಕ್ಷೆ. ಇವನ್ನು ಬೇರೆ ಬೇರೆಯಾಗಿ ಬರೆದು ಒಂದರ ಹಿಂದೊಂದು ಜೋಡಿಸುವುದೇ ವಾಡಿಕೆ. ಆದರೆ ಅಪ್ಲಿಕೇಶನ್ ಪಾಲಿಸಲೇಬೇಕಾದ ಯಾವುದಾದರೂ ಒಂದು ನಿಯಮವನ್ನು ಹಿಡಿದು ಮೂರೂ ಭಾಗಗಳಲ್ಲಿ ಅದರ ಜಾಡನ್ನು ನೋಡುತ್ತ ಹೋದರೆ, ವರದಿ ಗಟ್ಟಿಯೋ ಪೊಳ್ಳೋ ಎಂಬುದು ಬೇಗ ಗೊತ್ತಾಗುತ್ತದೆ.

ಕಾಲೇಜಿನ ಗ್ರಂಥಾಲಯದ ಅಪ್ಲಿಕೇಶನ್ ಇದಕ್ಕೆ ಒಳ್ಳೆಯ ಉದಾಹರಣೆ. ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಕುಳಿತು ಮೊಬೈಲಿನಲ್ಲಿ ಪುಸ್ತಕ ಹುಡುಕುತ್ತಾನೆ, ‘ಕಾಯ್ದಿರಿಸು’ ಒತ್ತುತ್ತಾನೆ, ಮರುದಿನ ಕೌಂಟರಿಗೆ ಹೋಗಿ ಪುಸ್ತಕ ಪಡೆಯುತ್ತಾನೆ. ಇಲ್ಲಿನ ಮುಖ್ಯ ನಿಯಮ ಒಂದೇ: ಒಂದು ಪ್ರತಿ ಒಂದು ಸಮಯದಲ್ಲಿ ಒಬ್ಬರ ಹೆಸರಿನಲ್ಲಿ ಮಾತ್ರ ಇರಬೇಕು. ಹೇಳುವುದಕ್ಕೆ ಸುಲಭವಾದ ಈ ನಿಯಮವನ್ನು ಕಾಪಾಡುವುದು ಅಷ್ಟು ಸುಲಭವಲ್ಲ.

ರಚನೆಯ ಭಾಗದಲ್ಲಿ ಸಾಮಾನ್ಯವಾಗಿ ಮೂರು ಚೌಕಗಳ ಚಿತ್ರವಿರುತ್ತದೆ: ಬ್ರೌಸರ್, ಸರ್ವರ್, ಡೇಟಾಬೇಸ್. ಮೂರು ಪದರದ ರಚನೆ ಎಂದರೆ ಇದೇ. ಚೌಕಗಳ ನಡುವೆ ಬಾಣಗಳು, ಮೇಲೆ ತಂತ್ರಾಂಶಗಳ ಲಾಂಛನಗಳು. ನೋಡಲು ಚೆಂದ, ತಿಳಿಯುವುದು ಕಡಿಮೆ. ಓದುಗನಿಗೆ ಬೇಕಾಗಿರುವುದು ಪ್ರತಿ ಬಾಣದ ಮೇಲೆ ಏನು ಸಾಗುತ್ತದೆ, ಯಾವ ಚೌಕ ಯಾವುದಕ್ಕೆ ಹೊಣೆ ಎಂಬ ವಿವರ. ‘ಕಾಯ್ದಿರಿಸು’ ಒತ್ತಿದಾಗ ಬ್ರೌಸರಿನಿಂದ ಸರ್ವರಿಗೆ ಹೋಗುವುದು ಪ್ರತಿಯ ಸಂಖ್ಯೆ ಮತ್ತು ಲಾಗಿನ್ ಆದಾಗ ಸಿಕ್ಕ ಗುರುತು. ಸರ್ವರ್ ಆ ಗುರುತಿನಿಂದ ವಿದ್ಯಾರ್ಥಿ ಯಾರೆಂದು ತಿಳಿದುಕೊಳ್ಳುತ್ತದೆ, ಅವನ ಹೆಸರಿನಲ್ಲಿ ಆಗಲೇ ಎಷ್ಟು ಪುಸ್ತಕಗಳಿವೆ ಎಂದು ನೋಡುತ್ತದೆ, ಮಿತಿ ಮೀರದಿದ್ದರೆ ಡೇಟಾಬೇಸಿನಲ್ಲಿ ಹೊಸ ಸಾಲೊಂದನ್ನು ಸೇರಿಸುತ್ತದೆ.

ಇಲ್ಲಿ ಹೆಚ್ಚಿನವರು ಜಾರುವ ಜಾಗವೊಂದಿದೆ. ಪುಸ್ತಕ ಬೇರೆಯವರ ಬಳಿ ಇದ್ದರೆ ಬ್ರೌಸರಿನಲ್ಲಿ ಗುಂಡಿಯನ್ನು ಮಸುಕು ಮಾಡಿ, ‘ನಿಯಮ ಜಾರಿಯಾಗಿದೆ’ ಎಂದು ವರದಿಯಲ್ಲಿ ಬರೆದುಬಿಡುತ್ತಾರೆ. ಮಸುಕಾದ ಗುಂಡಿ ಬಳಕೆದಾರನಿಗೆ ತೋರುವ ಸೌಜನ್ಯವಷ್ಟೇ. ಬ್ರೌಸರಿನಲ್ಲಿರುವುದೆಲ್ಲ ಬಳಕೆದಾರನ ಕೈಯಲ್ಲಿದೆ. ಸ್ವಲ್ಪ ತಿಳಿದವನು ಪುಟವನ್ನು ಮುಟ್ಟದೆ ನೇರವಾಗಿ ಸರ್ವರಿಗೆ ಕೋರಿಕೆ ಕಳಿಸಬಲ್ಲ. ಅಷ್ಟು ದೂರವೂ ಹೋಗಬೇಕಿಲ್ಲ. ಪುಟ ತೆರೆದಿಟ್ಟು ಊಟಕ್ಕೆ ಹೋಗಿ ಬಂದವನಿಗೆ ಗುಂಡಿ ಇನ್ನೂ ಹಸಿರಾಗಿಯೇ ಕಾಣುತ್ತದೆ, ಅಷ್ಟರಲ್ಲಿ ಪುಸ್ತಕ ಬೇರೆಯವರ ಪಾಲಾಗಿರುತ್ತದೆ. ಹಾಗಾಗಿ ನಿಯಮ ಇರಬೇಕಾದದ್ದು ಸರ್ವರಿನಲ್ಲಿ. ಅಲ್ಲೂ ಸಾಲದು ಎಂಬುದು ಪರೀಕ್ಷೆಯ ಹೊತ್ತಿಗೆ ಗೊತ್ತಾಗುತ್ತದೆ.

ಡೇಟಾಬೇಸ್ ವಿನ್ಯಾಸದಲ್ಲಿ ಮೊದಲು ಹೊಳೆಯುವುದು ಒಂದೇ ಕೋಷ್ಟಕ: ಪುಸ್ತಕದ ಹೆಸರು, ಲೇಖಕ, ಈಗ ಯಾರ ಬಳಿ ಇದೆ, ಯಾವಾಗ ಮರಳಿಸಬೇಕು. ಗ್ರಂಥಾಲಯದಲ್ಲಿ ‘ಚೋಮನ ದುಡಿ’ಯ ನಾಲ್ಕು ಪ್ರತಿಗಳಿದ್ದರೆ ಹೆಸರು, ಲೇಖಕ ಎಲ್ಲವನ್ನೂ ನಾಲ್ಕು ಸಲ ಬರೆಯಬೇಕಾಗುತ್ತದೆ. ಲೇಖಕರ ಹೆಸರಿನಲ್ಲಿ ತಪ್ಪು ಕಂಡು ಮೂರು ಕಡೆ ತಿದ್ದಿ ನಾಲ್ಕನೆಯದನ್ನು ಮರೆತರೆ, ಒಂದೇ ಪುಸ್ತಕಕ್ಕೆ ಇಬ್ಬರು ಲೇಖಕರು. ಪುಸ್ತಕ ಮರಳಿದಾಗ ‘ಯಾರ ಬಳಿ’ ಎಂಬ ಅಂಕಣವನ್ನು ಅಳಿಸಿದರೆ ಹಿಂದೆ ಯಾರು ಒಯ್ದಿದ್ದರು ಎಂಬ ಚರಿತ್ರೆಯೂ ಅಳಿಯುತ್ತದೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟಾಗ ಇಂಥ ಪುನರಾವರ್ತನೆಯ ಪ್ರಶ್ನೆಯೂ ಅದರೊಳಗಿತ್ತು. ವರದಿಗಳಲ್ಲಿ ‘ನಾರ್ಮಲೈಸೇಶನ್’ ಎಂಬ ಹೆಸರಿನಲ್ಲಿ ಬರುವುದು ಅದಕ್ಕೆ ಕಂಡುಕೊಂಡ ಪರಿಹಾರ: ಒಂದು ಸಂಗತಿಯನ್ನು ಒಂದೇ ಕಡೆ ಬರೆಯುವುದು.

ಹಾಗೆ ಬಿಡಿಸಿದರೆ ನಾಲ್ಕು ಕೋಷ್ಟಕಗಳಾಗುತ್ತವೆ: ಪುಸ್ತಕ, ಪ್ರತಿ, ಸದಸ್ಯ, ಎರವಲು. ಪುಸ್ತಕ ಬೇರೆ, ಪ್ರತಿ ಬೇರೆ ಎಂಬುದು ಕಂಪ್ಯೂಟರ್ ವಿದ್ಯಾರ್ಥಿಗೆ ತಡವಾಗಿ ಹೊಳೆಯಬಹುದು, ಗ್ರಂಥಪಾಲಕರಿಗೆ ಅದು ಹಳೆಯ ಮಾತು. ಪ್ರತಿಯೊಂದು ಪ್ರತಿಗೂ ಬೇರೆ ಅಕ್ಸೆಷನ್ ನಂಬರ್ ಹಾಕಿ ರಿಜಿಸ್ಟರಿನಲ್ಲಿ ಬರೆದಿಡುವ ಪದ್ಧತಿ ಕಂಪ್ಯೂಟರಿಗಿಂತ ಹಿಂದಿನದು. ಕೌಂಟರಿನಲ್ಲಿ ಅರ್ಧ ಗಂಟೆ ಕುಳಿತು ನೋಡಿದರೆ ಅರ್ಧ ವಿನ್ಯಾಸ ಅಲ್ಲೇ ಸಿಗುತ್ತದೆ.

ಪ್ರತಿ ಕೋಷ್ಟಕದಲ್ಲಿ ‘ಲಭ್ಯ’ ಅಥವಾ ‘ಹೊರಗಿದೆ’ ಎಂದು ತೋರಿಸುವ ಅಂಕಣವೊಂದನ್ನು ಸೇರಿಸುವ ಆಸೆ ಬಹಳ ಜನರಿಗೆ. ಸೇರಿಸದಿರುವುದೇ ಮೇಲು. ಪ್ರತಿ ಹೊರಗಿದೆಯೇ ಎಂಬುದನ್ನು ಎರವಲು ಕೋಷ್ಟಕವೇ ಹೇಳುತ್ತದೆ: ಆ ಪ್ರತಿಯ ಹೆಸರಿನಲ್ಲಿ ಮರಳಿಸಿದ ದಿನಾಂಕ ಖಾಲಿ ಇರುವ ಸಾಲೊಂದಿದ್ದರೆ ಹೊರಗಿದೆ, ಇಲ್ಲದಿದ್ದರೆ ಕಪಾಟಿನಲ್ಲಿದೆ. ಅದೇ ವಿಷಯವನ್ನು ಎರಡು ಕಡೆ ಬರೆದರೆ ಒಂದಲ್ಲ ಒಂದು ದಿನ ಎರಡೂ ಬೇರೆ ಬೇರೆ ಮಾತು ಆಡುತ್ತವೆ.

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಎರವಲು ಕೋಷ್ಟಕ ಹೀಗಿರಬಹುದು:

```sql
CREATE TABLE loan (
  loan_id     SERIAL PRIMARY KEY,
  copy_id     INTEGER NOT NULL REFERENCES copy(copy_id),
  member_id   INTEGER NOT NULL REFERENCES member(member_id),
  reserved_at TIMESTAMPTZ NOT NULL,
  due_on      DATE,
  returned_on DATE
);
CREATE UNIQUE INDEX one_open_loan
  ON loan (copy_id) WHERE returned_on IS NULL;
```

`REFERENCES` ಎಂದಿರುವ ಸಾಲುಗಳು ಇಲ್ಲದ ಪ್ರತಿಯನ್ನು ಇಲ್ಲದ ಸದಸ್ಯನಿಗೆ ಕೊಡದಂತೆ ತಡೆಯುತ್ತವೆ. `due_on` ಮೊದಲು ಖಾಲಿ ಇರುತ್ತದೆ, ಕೌಂಟರಿನಲ್ಲಿ ಪುಸ್ತಕ ಕೈಗೆ ಕೊಟ್ಟಾಗ ತುಂಬುತ್ತದೆ. ಕೊನೆಯ ಎರಡು ಸಾಲುಗಳಲ್ಲಿದೆ ನಮ್ಮ ನಿಯಮ: ಮರಳಿಸದ ಸಾಲುಗಳ ಪೈಕಿ ಒಂದು ಪ್ರತಿಯ ಸಂಖ್ಯೆ ಒಂದೇ ಸಲ ಬರಬಹುದು. ಮರಳಿಸಿದ ಹಳೆಯ ಸಾಲುಗಳಿಗೆ ಈ ಕಟ್ಟುಪಾಡಿಲ್ಲ, ಅವು ಎಷ್ಟು ಬೇಕಾದರೂ ಇರಲಿ. ಮೈಎಸ್‌ಕ್ಯೂಎಲ್‌ನಲ್ಲಿ ಹೀಗೆ `WHERE` ಸೇರಿಸಿದ ಇಂಡೆಕ್ಸ್ ಇಲ್ಲ, ಅಲ್ಲಿ ಪ್ರತಿಯ ಸಾಲಿಗೆ ಬೀಗ ಹಾಕಿ ಕೆಲಸ ಮಾಡುವಂಥ ಬೇರೆ ದಾರಿ ಹಿಡಿಯಬೇಕು. ಯಾವ ಡೇಟಾಬೇಸ್ ಆರಿಸಿಕೊಂಡದ್ದು, ಏಕೆ ಎಂಬ ಪ್ರಶ್ನೆಗೆ ‘ಜನಪ್ರಿಯವಾಗಿದೆ’ ಎಂಬುದಕ್ಕಿಂತ ಇದು ಒಳ್ಳೆಯ ಉತ್ತರ.

ಇನ್ನು ಪರೀಕ್ಷೆ. ಯೂನಿಟ್ ಟೆಸ್ಟಿಂಗ್ ಎಂದರೇನು, ಇಂಟಿಗ್ರೇಶನ್ ಟೆಸ್ಟಿಂಗ್ ಎಂದರೇನು ಎಂಬ ವ್ಯಾಖ್ಯೆಗಳಿಂದ ಪುಟ ತುಂಬಿಸಿ, ಕೆಳಗೆ ಇಪ್ಪತ್ತು ಸಾಲಿನ ಕೋಷ್ಟಕ ಹಾಕಿ, ಪ್ರತಿ ಸಾಲಿಗೂ ‘ಪಾಸ್’ ಎಂದು ಬರೆದ ವರದಿಗಳು ಬೇಕಾದಷ್ಟಿವೆ. ಅಂಥ ಕೋಷ್ಟಕದಿಂದ ಏನೂ ತಿಳಿಯುವುದಿಲ್ಲ. ಪರೀಕ್ಷೆ ಬರೆಯಬೇಕಾದದ್ದು ತಪ್ಪಾಗುವ ಸಾಧ್ಯತೆ ಇರುವ ಕಡೆ, ಮತ್ತು ಅದು ಹೆಚ್ಚಾಗಿ ಅಂಚಿನಲ್ಲಿರುತ್ತದೆ. ಪುಸ್ತಕಕ್ಕೆ 15 ದಿನ ಅವಧಿ, ಆಮೇಲೆ ದಿನಕ್ಕೆ 1 ರೂಪಾಯಿ ದಂಡ ಎಂದಿಟ್ಟುಕೊಂಡರೆ ಜೂನ್ 1ರಂದು ಒಯ್ದ ಪುಸ್ತಕವನ್ನು 16ಕ್ಕೆ ಮರಳಿಸಿದರೆ ದಂಡ ಸೊನ್ನೆ, 17ಕ್ಕೆ ಮರಳಿಸಿದರೆ 1 ರೂಪಾಯಿ. ಈ ಎರಡು ದಿನಗಳನ್ನು ಪರೀಕ್ಷಿಸದೆ ಜೂನ್ 30ನ್ನು ಪರೀಕ್ಷಿಸಿ ಪ್ರಯೋಜನ ಕಡಿಮೆ. ಫೆಬ್ರವರಿ 20ಕ್ಕೆ ಒಯ್ದ ಪುಸ್ತಕದ ಗಡುವು 2023ರಲ್ಲಿ ಮಾರ್ಚ್ 7, ಅಧಿಕ ವರ್ಷವಾದ 2024ರಲ್ಲಿ ಮಾರ್ಚ್ 6. ಅವಧಿ ವಿಸ್ತರಣೆಗೆ ಇನ್ನೊಂದು ಅಂಚಿದೆ. ಸರ್ವರಿನ ಗಡಿಯಾರ ಭಾರತೀಯ ಸಮಯದ ಬದಲು ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿದ್ದರೆ, ಗಡುವು ದಾಟಿದ ಮೇಲೆ ರಾತ್ರಿ 12 ಗಂಟೆ 10 ನಿಮಿಷಕ್ಕೆ ವಿಸ್ತರಣೆ ಕೇಳಿದವನಿಗೆ ಅದು ಸಿಕ್ಕಿಬಿಡುತ್ತದೆ. ಸರ್ವರಿನ ಲೆಕ್ಕದಲ್ಲಿ ಇನ್ನೂ ನಿನ್ನೆ ಸಂಜೆ 6 ಗಂಟೆ 40 ನಿಮಿಷ.

ಈಗ ಮುಖ್ಯ ನಿಯಮದ ಪರೀಕ್ಷೆ. ಒಬ್ಬರಾದ ಮೇಲೆ ಒಬ್ಬರು ಒತ್ತಿದರೆ ಎಲ್ಲ ಸರಿ: ಎರಡನೆಯವರಿಗೆ ‘ಲಭ್ಯವಿಲ್ಲ’ ಎಂದು ಬರುತ್ತದೆ. ಒಂದೇ ಕ್ಷಣದಲ್ಲಿ ಇಬ್ಬರು ಒತ್ತಿದರೆ? ಮೊದಲನೆಯ ಕೋರಿಕೆ ಪ್ರತಿ ಖಾಲಿ ಇದೆಯೇ ಎಂದು ಕೇಳುತ್ತದೆ, ‘ಇದೆ’ ಎಂಬ ಉತ್ತರ ಬರುತ್ತದೆ. ಅದು ತನ್ನ ಸಾಲನ್ನು ಬರೆಯುವ ಮೊದಲೇ ಎರಡನೆಯ ಕೋರಿಕೆಯೂ ಕೇಳುತ್ತದೆ, ಅದಕ್ಕೂ ‘ಇದೆ’. ಇಬ್ಬರೂ ಬರೆಯುತ್ತಾರೆ. ಸರ್ವರಿನ ಕೋಡಿನಲ್ಲಿ ತಪ್ಪೇನೂ ಕಾಣುವುದಿಲ್ಲ, ಕೇಳಿಯೇ ಬರೆದಿದೆ. ಕೇಳುವುದಕ್ಕೂ ಬರೆಯುವುದಕ್ಕೂ ನಡುವೆ ಇದ್ದ ಕೆಲವು ಮಿಲಿಸೆಕೆಂಡುಗಳ ಸಂದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೋಸ್ಟ್‌ಗ್ರೆಸ್ ತನ್ನ ಸಹಜ ಸ್ಥಿತಿಯಲ್ಲಿ ಇದನ್ನು ತಾನಾಗಿ ತಡೆಯುವುದಿಲ್ಲ.

ಇದು ಕೈಯಲ್ಲಿ ಕ್ಲಿಕ್ ಮಾಡಿ ಪರೀಕ್ಷಿಸಿದರೆ ಸಿಗುವ ತಪ್ಪಲ್ಲ. ಎರಡು ಕೋರಿಕೆಗಳನ್ನು ಒಟ್ಟಿಗೆ ಹಾರಿಸುವ ಸಣ್ಣ ಪ್ರೋಗ್ರಾಂ ಬೇಕು. ಬೇಕೆಂದೇ ಕೇಳುವ ಮತ್ತು ಬರೆಯುವ ಹಂತಗಳ ನಡುವೆ ಅರ್ಧ ಸೆಕೆಂಡು ನಿಲ್ಲಿಸಿದರೆ ಪ್ರತಿ ಸಲವೂ ತಪ್ಪು ಕಾಣಿಸಿಕೊಳ್ಳುತ್ತದೆ. ಮುಗಿದ ಮೇಲೆ ಕೋಷ್ಟಕದಲ್ಲಿ ಆ ಪ್ರತಿಗೆ ಎಷ್ಟು ತೆರೆದ ಸಾಲುಗಳಿವೆ ಎಂದು ಎಣಿಸಬೇಕು. ಇಂಡೆಕ್ಸ್ ಇಲ್ಲದಿದ್ದಾಗ 2, ಇದ್ದಾಗ 1. ಇಂಡೆಕ್ಸ್ ಇದ್ದಾಗ ಎರಡನೆಯ ಬರವಣಿಗೆ ಮೊದಲನೆಯದು ಮುಗಿಯುವವರೆಗೆ ಕಾದು, ಆಮೇಲೆ `23505` ಎಂಬ ದೋಷಸಂಖ್ಯೆಯೊಂದಿಗೆ ತಿರಸ್ಕೃತವಾಗುತ್ತದೆ. ಸರ್ವರ್ ಅದನ್ನು ಹಿಡಿದು ‘ಈ ಪ್ರತಿ ಈಗಷ್ಟೇ ಬೇರೆಯವರ ಹೆಸರಿಗೆ ಹೋಗಿದೆ’ ಎಂದು ತೋರಿಸಬೇಕು. ಹಿಡಿಯದಿದ್ದರೆ ವಿದ್ಯಾರ್ಥಿಗೆ ಕಾಣುವುದು ಬರೀ 500 ಎಂಬ ಪುಟ. ಮೊದಲು ಸೋತು, ಇಂಡೆಕ್ಸ್ ಸೇರಿಸಿದ ಮೇಲೆ ಗೆದ್ದ ಈ ಪರೀಕ್ಷೆಯನ್ನು ಎರಡೂ ಫಲಿತಾಂಶಗಳೊಂದಿಗೆ ವರದಿಯಲ್ಲಿ ಕೊಟ್ಟರೆ, ‘ಪಾಸ್’ಗಳ ಪಟ್ಟಿಗಿಂತ ಅದನ್ನು ಪರೀಕ್ಷಕರು ಹೆಚ್ಚು ನಂಬುತ್ತಾರೆ.

ಕನ್ನಡ ಪುಸ್ತಕಗಳಿರುವ ಗ್ರಂಥಾಲಯಕ್ಕೆ ಇನ್ನೊಂದು ಪರೀಕ್ಷೆ ಬೇಕು. ‘ಚೋ’ ಎಂಬಲ್ಲಿನ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಒತ್ವ ಮತ್ತು ದೀರ್ಘವನ್ನು ಬಿಡಿಸಿ ಎರಡು ಮೂರು ಚಿಹ್ನೆಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹೋಲಿಸುವ ಕಂಪ್ಯೂಟರಿಗೆ ಅವು ಬೇರೆ. ಆಗ ಕಪಾಟಿನಲ್ಲಿರುವ ‘ಚೋಮನ ದುಡಿ’ ಹುಡುಕಾಟದಲ್ಲಿ ಸಿಗುವುದಿಲ್ಲ. ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು `NFC` ಎಂಬ ಒಂದೇ ರೂಪಕ್ಕೆ ತಂದರೆ ಸಮಸ್ಯೆ ಹೋಗುತ್ತದೆ. ಇಂಗ್ಲಿಷ್ ಶೀರ್ಷಿಕೆಗಳನ್ನಷ್ಟೇ ಹಾಕಿ ಪರೀಕ್ಷಿಸಿದವರಿಗೆ ಇದು ಎದುರಾಗುವುದೇ ಇಲ್ಲ.

ಇಂಡೆಕ್ಸ್ ನಿಯಮವನ್ನು ಕಾಪಾಡುತ್ತದೆ, ಆದರೆ ತನ್ನದೇ ಒಂದು ತೊಡಕನ್ನೂ ತರುತ್ತದೆ. ಕಾಯ್ದಿರಿಸಿದ ವಿದ್ಯಾರ್ಥಿ ಕೌಂಟರಿಗೆ ಬರಲೇ ಇಲ್ಲವೆಂದರೆ ಆ ಸಾಲು ತೆರೆದೇ ಉಳಿಯುತ್ತದೆ, ಪುಸ್ತಕ ಕಪಾಟಿನಲ್ಲಿದ್ದರೂ ಬೇರೆ ಯಾರಿಗೂ ಸಿಗುವುದಿಲ್ಲ. ಎರಡು ದಿನ ಕಳೆದರೂ `due_on` ತುಂಬದ ಸಾಲುಗಳನ್ನು ಪ್ರತಿ ರಾತ್ರಿ ಮುಚ್ಚುವ ಕೆಲಸವೊಂದನ್ನು ಸರ್ವರಿಗೆ ಒಪ್ಪಿಸಬೇಕು. ಹಾಗೆ ಮುಚ್ಚಿದ ಸಾಲನ್ನು ‘ಮರಳಿಸಿದ್ದು’ ಎಂದು ಲೆಕ್ಕ ಹಿಡಿಯಬಾರದಾದ್ದರಿಂದ ಕೋಷ್ಟಕಕ್ಕೆ ರದ್ದಾದ ಸಮಯದ ಅಂಕಣವೊಂದು ಸೇರುತ್ತದೆ, ಇಂಡೆಕ್ಸಿನ `WHERE` ಸಾಲೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ, ಮತ್ತು ಏಕಕಾಲದ ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ನಡೆಸಬೇಕಾಗುತ್ತದೆ.