ನೂರು ಪಿಕ್ಸೆಲ್‌ಗಳ ಗಂಟು

ಶ್ವಾಸಕೋಶದ ಸಿಟಿ ಸ್ಕ್ಯಾನಿನ ಒಂದು ಪದರದಲ್ಲಿ 512 × 512, ಅಂದರೆ 2,62,144 ಪಿಕ್ಸೆಲ್‌ಗಳು. ಅದರಲ್ಲಿ ಗಂಟು ಬರೀ 100 ಎನ್ನೋಣ. 2015ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ರೂಪುಗೊಂಡ ಯು-ನೆಟ್‌ನಂಥ ಜಾಲದಲ್ಲಿ ಎನ್‌ಕೋಡರ್ ಚಿತ್ರವನ್ನು ಕುಗ್ಗಿಸುತ್ತ ಏನಿದೆಯೆಂದು ಗ್ರಹಿಸುತ್ತದೆ. ಡಿಕೋಡರ್ ಮತ್ತೆ ಹಿಗ್ಗಿಸುತ್ತ ಅದು ಎಲ್ಲಿದೆಯೆಂದು ಗುರುತು ಹಾಕುತ್ತದೆ. ಆದರೆ ಪಿಕ್ಸೆಲ್‌ವಾರು ತಪ್ಪಿನ ಸರಾಸರಿ ನೋಡಿ ಕಲಿಸಿದರೆ, ‘ಗಂಟೇ ಇಲ್ಲ’ ಎಂದುಬಿಡುವ ಸೋಮಾರಿ ಜಾಲವೂ ಶೇ. 99.96ರಷ್ಟು ಸರಿ!

ಡೈಸ್ ಲಾಸ್ ಸರಿಯಾಗಿ ಬಿಟ್ಟ ಖಾಲಿ ಜಾಗಕ್ಕೆ ಅಂಕವನ್ನೇ ಕೊಡುವುದಿಲ್ಲ. ಜಾಲ 80 ಪಿಕ್ಸೆಲ್ ಗುರುತಿಸಿ ಅದರಲ್ಲಿ 60 ಸರಿಯಿದ್ದರೆ, 60ರ ಇಮ್ಮಡಿಯನ್ನು 100 + 80ರಿಂದ ಭಾಗಿಸಬೇಕು: 0.67. ಇದನ್ನು ಒಂದರಿಂದ ಕಳೆದದ್ದೇ ಲಾಸ್. ಏನೂ ಗುರುತಿಸದ ಸೋಮಾರಿಗೆ ಸೊನ್ನೆ. ಗಂಟು ಹತ್ತೇ ಪಿಕ್ಸೆಲ್‌ನದಾದರೆ ಮಾತ್ರ ಒಂದೆರಡರ ತಪ್ಪಿಗೂ ಅಂಕ ವಿಪರೀತ ಏರಿಳಿಯುತ್ತದೆ; ಅದಕ್ಕೇ ಹಲವರು ಎರಡೂ ಲಾಸ್‌ಗಳನ್ನು ಕೂಡಿಸಿ ಬಳಸುತ್ತಾರೆ.