ಸಾರು ಕೆಟ್ಟಿಲ್ಲ, ಮೂಗು ಕಟ್ಟಿದೆ

ನೆಗಡಿಯಾದವರ ಎಲೆಗೆ ಬಿದ್ದ ತಿಳಿಸಾರಿನಲ್ಲಿ ಏನೇನಿದೆ ಎಂದು ಒಂದೊಂದಾಗಿ ಬಿಡಿಸಿ ನೋಡೋಣ. ಹುಣಸೆ ರಸದ ಹುಳಿ, ಉಪ್ಪು, ಒಂದು ಚೂರು ಬೆಲ್ಲದ ಸಿಹಿ, ಮೆಣಸಿನಕಾಯಿಯ ಖಾರ. ಇದಿಷ್ಟು ಒಂದು ಪಾಲು. ಇಂಗು, ಕರಿಬೇವು, ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಒಗ್ಗರಣೆಗೆ ಬಿದ್ದ ತುಪ್ಪ, ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪು, ಇದು ಇನ್ನೊಂದು ಪಾಲು. ಮೂಗು ಪೂರ್ತಿ ಕಟ್ಟಿದ್ದರೆ ಮೊದಲ ಪಾಲು ಹಾಗೇ ಉಳಿಯುತ್ತದೆ, ಎರಡನೆಯದು ಮಾಯವಾಗುತ್ತದೆ. ಉಳಿಯುವುದು ಬಿಸಿಬಿಸಿಯಾದ, ಖಾರವಾದ ಉಪ್ಪು ಹುಳಿ ನೀರು. ‘ಯಾಕೋ ಇವತ್ತು ಸಾರು ಸಪ್ಪೆ’ ಎಂದು ಅಡುಗೆ ಮಾಡಿದವರ ಮೇಲೆ ದೂರು ಹೋಗುವುದು ಆಗಲೇ. ಸಾರಿನ ಪುಡಿ ನಿನ್ನೆಯದೇ, ಕೈಯೂ ನಿನ್ನೆಯದೇ.

ನಾಲಿಗೆಗೆ ಗೊತ್ತಾಗುವ ರುಚಿಗಳು ಬೆರಳೆಣಿಕೆಯಷ್ಟು. ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ. ಕೊನೆಯದನ್ನು ಬೇರೆ ರುಚಿಯೆಂದು ಗುರುತಿಸಿದವರು ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡ, 1908ರಲ್ಲಿ. ಹಣ್ಣಾದ ಟೊಮ್ಯಾಟೊ, ಅಣಬೆಗಳನ್ನು ಬೇಯಿಸಿದಾಗ ಬಾಯಿ ತುಂಬಿದಂತೆ ಅನ್ನಿಸುವ ಸ್ವಾದ ಅದು. ನಾವು ಷಡ್ರಸದಲ್ಲಿ ಸೇರಿಸಿಕೊಂಡಿರುವ ಖಾರವಾಗಲಿ ಒಗರಾಗಲಿ ನಾಲಿಗೆಯ ರುಚಿಮೊಗ್ಗುಗಳ ಕೆಲಸವಲ್ಲ. ಖಾರ ಒಂದು ಬಗೆಯ ಉರಿ, ಒಗರು ಬಾಯಿಯ ಒಳಪದರ ಹಿಡಿದಂತಾಗುವ ಸ್ಪರ್ಶ. ಹಾಗಾದರೆ ಏಲಕ್ಕಿ, ಇಂಗು, ಮಾವಿನಹಣ್ಣು, ಫಿಲ್ಟರ್ ಕಾಫಿ, ಇವುಗಳ ‘ರುಚಿ’ ಎಲ್ಲಿಂದ ಬಂತು? ಮೂಗಿನಿಂದ. ಮೂಗಿನ ವಾಸನೆಯ ಪದರದಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವನ್ನು ರೂಪಿಸುವ ವಂಶವಾಹಿಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಒಂದು ವಾಸನೆಗೆ ಒಂದೇ ಗ್ರಾಹಕ ಎಂಬ ಲೆಕ್ಕವಲ್ಲ, ಹಲವು ಗ್ರಾಹಕಗಳು ಬೇರೆ ಬೇರೆ ಕೂಟಗಳಲ್ಲಿ ಎಚ್ಚರಗೊಳ್ಳುತ್ತವೆ. ಆದ್ದರಿಂದಲೇ ಬಾದಾಮಿ ಮಾವಿಗೂ ಮಲಗೋಬಕ್ಕೂ ನಾವು ವ್ಯತ್ಯಾಸ ಹೇಳಬಲ್ಲೆವು. ನಾಲಿಗೆಯನ್ನು ಮಾತ್ರ ಕೇಳಿದರೆ ಎರಡೂ ಸಿಹಿ, ಒಂದಿಷ್ಟು ಹುಳಿ, ಅಷ್ಟೇ.

ಇದನ್ನು ನಂಬಬೇಕಿಲ್ಲ, ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಅರ್ಧ ಚಮಚ ಸಕ್ಕರೆಗೆ ಒಂದು ಚಿಟಿಕೆ ಏಲಕ್ಕಿ ಪುಡಿ ಬೆರೆಸಿ. ಮೊದಲು ಮೂಗನ್ನು ಎರಡು ಬೆರಳಿನಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ, ಆಮೇಲೆ ಬಾಯಿಗೆ ಹಾಕಿ ಚೀಪಿ. ಬರೀ ಸಿಹಿ, ಜೊತೆಗೆ ಏನೋ ಪುಡಿ ಇದೆ ಅನ್ನುವ ಸ್ಪರ್ಶ, ಹೆಚ್ಚೆಂದರೆ ತುಸು ತಂಪು. ನುಂಗಿದ ಮೇಲೆ ಮೂಗು ಬಿಡಿ. ಉಸಿರು ಮೂಗಿನಿಂದ ಹೊರಬಿದ್ದ ಕೂಡಲೇ ಏಲಕ್ಕಿ ಧುತ್ತೆಂದು ಪ್ರತ್ಯಕ್ಷವಾಗುತ್ತದೆ. ವಿಚಿತ್ರವೆಂದರೆ, ಅದು ಪ್ರತ್ಯಕ್ಷವಾಗುವುದು ಬಾಯಿಯಲ್ಲಿ! ಮೂಗಿನಲ್ಲಿ ಏನೋ ಆಯಿತು ಅನ್ನಿಸುವುದೇ ಇಲ್ಲ.

ವಾಸನೆಗೆ ಮೂಗಿನೊಳಗೆ ಹೋಗಲು ಎರಡು ದಾರಿಗಳಿವೆ. ಉಸಿರು ಎಳೆದಾಗ ಹೊಳ್ಳೆಗಳ ಮೂಲಕ ಹೋಗುವುದು ಮುಂಬಾಗಿಲು. ಒಗ್ಗರಣೆ ಚಟಪಟ ಅಂದಾಗ ಹಾಲ್‌ನಲ್ಲಿ ಕೂತವರಿಗೆ ಗೊತ್ತಾಗುವುದು ಈ ದಾರಿಯಲ್ಲಿ. ಇನ್ನೊಂದು ಹಿಂಬಾಗಿಲು. ಬಾಯಿಯ ಹಿಂಭಾಗ, ಕಿರುನಾಲಿಗೆಯ ಹಿಂದೆ, ಗಂಟಲಿನಿಂದ ಮೂಗಿಗೆ ತೆರೆದುಕೊಂಡ ಹಾದಿ. ಅನ್ನ ಅಗಿಯುವಾಗ ಆಹಾರ ಬೆಚ್ಚಗಾಗಿ, ಪುಡಿಯಾಗಿ, ಅದರೊಳಗಿನ ಘಮದ ಕಣಗಳು ಆವಿಯಾಗಿ ಬಿಡುಗಡೆಯಾಗುತ್ತವೆ. ನುಂಗುವ ಕ್ಷಣದಲ್ಲಿ ಮೆತ್ತನೆಯ ಅಂಗುಳು ಮೇಲೆದ್ದು ಮೂಗಿನ ಹಾದಿಯನ್ನು ಮುಚ್ಚುತ್ತದೆ, ಇಲ್ಲದಿದ್ದರೆ ಸಾರು ಮೂಗಿಗೆ ಹತ್ತುತ್ತಿತ್ತು. ನುಂಗಿದ ಮರುಕ್ಷಣ ಹಾದಿ ತೆರೆದು ಒಂದು ಸಣ್ಣ ನಿಶ್ವಾಸ ಹೊರಗೆ ಹೋಗುತ್ತದೆ, ಗಂಟಲಿನಲ್ಲಿ ಅಂಟಿದ್ದ ಘಮವನ್ನೆಲ್ಲ ಹೊತ್ತುಕೊಂಡು. ಊಟದ ರುಚಿ ನಮಗೆ ಜೋರಾಗಿ ತಟ್ಟುವುದು ಆಗ. ಬೆರಳಿನಿಂದ ಮೂಗು ಹಿಡಿದಾಗ ನಾವು ವಾಸನೆಯ ನರಗಳಿಗೆ ಏನೂ ಮಾಡಿರುವುದಿಲ್ಲ. ಗಾಳಿ ಹೊರಗೆ ಹೋಗದಂತೆ ತಡೆದಿರುತ್ತೇವೆ, ಅಷ್ಟಕ್ಕೇ ರುಚಿ ನಿಂತುಹೋಗುತ್ತದೆ.

ಹಿಂಬಾಗಿಲಿನಿಂದ ಬಂದ ವಾಸನೆಯನ್ನು ಮಿದುಳು ಬಾಯಿಯ ಲೆಕ್ಕಕ್ಕೆ ಬರೆಯುತ್ತದೆ. ನಾಲಿಗೆಯ ಮೇಲೆ ಸಿಹಿ ಹುಳಿ, ಹಲ್ಲಿನ ಕೆಳಗೆ ತುತ್ತು, ಅದೇ ಹೊತ್ತಿಗೆ ಈ ಘಮ. ಎಲ್ಲ ಒಟ್ಟಿಗೆ ಬಂದದ್ದರಿಂದ ಒಂದೇ ಜಾಗದಿಂದ ಬಂದಿತೆಂದು ತೀರ್ಮಾನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ 1982ರಲ್ಲಿ ಈ ವಿಷಯವಾಗಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಪರಿಚಯವಿಲ್ಲದ ಹಣ್ಣಿನ ರಸ, ಸೂಪುಗಳನ್ನು ಮೂಸಿ ಗುರುತಿಡಲು ಕಲಿಸಿದರು. ಆಮೇಲೆ ಅವನ್ನೇ ಬಾಯಿಗೆ ಕೊಟ್ಟಾಗ ಜನ ತಡವರಿಸಿದರು. ಕಣ ಅದೇ, ನರ ಅದೇ, ಆದರೂ ಬಂದ ದಾರಿ ಬೇರೆಯಾದ್ದರಿಂದ ಅನುಭವವೂ ಬೇರೆ. ಹಲಸಿನ ಹಣ್ಣಿನ ವಾಸನೆಗೆ ಮೂಗು ಮುರಿಯುವವರು ತೊಳೆ ಬಾಯಿಗಿಟ್ಟ ಮೇಲೆ ಸುಮ್ಮನಾಗುವುದಕ್ಕೂ ಇದೇ ಒಂದು ಕಾರಣವಿರಬಹುದು ಎಂದು ನನಗೆ ಅನ್ನಿಸುತ್ತದೆ.

ಘಮವು ನಾಲಿಗೆಯ ರುಚಿಯನ್ನೂ ಬದಲಿಸಬಲ್ಲದು. 1988ರಲ್ಲಿ ಫ್ರಾಂಕ್ ಮತ್ತು ಬೈರಮ್ ಎಂಬ ಸಂಶೋಧಕರು ಸಿಹಿ ಕ್ರೀಮಿಗೆ ಸ್ಟ್ರಾಬೆರಿಯ ಪರಿಮಳ ಬೆರೆಸಿ ಕೊಟ್ಟರು. ಸಕ್ಕರೆ ಹೆಚ್ಚಿಸದಿದ್ದರೂ ತಿಂದವರು ಹೆಚ್ಚು ಸಿಹಿ ಎಂದರು. ಕಡಲೆಕಾಯಿ ಬೆಣ್ಣೆಯ ಪರಿಮಳ ಸೇರಿಸಿದಾಗ ಹಾಗಾಗಲಿಲ್ಲ. ಮೂಗು ಮುಚ್ಚಿಸಿ ತಿನ್ನಿಸಿದಾಗ ಸ್ಟ್ರಾಬೆರಿಯ ಹೆಚ್ಚುವರಿ ಸಿಹಿಯೂ ಹೋಯಿತು. ಸಿಹಿಯೊಂದಿಗೆ ಸದಾ ಬರುವ ಪರಿಮಳವನ್ನು ಮಿದುಳು ಸಿಹಿಯ ಭಾಗವೆಂದೇ ಕಲಿತಿರುತ್ತದೆ. ನಮ್ಮ ಪಾಯಸದಲ್ಲಿ ಏಲಕ್ಕಿ ಮಾಡುವುದೂ ಇಂಥದ್ದೇ ಕೆಲಸ.

ಈಗ ನೆಗಡಿಗೆ ಬರೋಣ. ವಾಸನೆ ಹಿಡಿಯುವ ಪದರ ಇರುವುದು ಮೂಗಿನ ತೀರಾ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವಿನ ಎತ್ತರದಲ್ಲಿ. ಕೆಲವೇ ಚದರ ಸೆಂಟಿಮೀಟರ್ ಅಗಲ. ಅಲ್ಲಿಗೆ ಹೋಗುವ ಸಂದಿ ಒಂದೆರಡು ಮಿಲಿಮೀಟರ್‌ನಷ್ಟು ಕಿರಿದು. ವೈರಸ್ ತಗುಲಿದಾಗ ಮೂಗಿನ ಒಳಪೊರೆಗೆ ರಕ್ತ ನುಗ್ಗಿ ಅದು ಊದಿಕೊಳ್ಳುತ್ತದೆ, ಸಿಂಬಳ ದಪ್ಪವಾಗುತ್ತದೆ. ಅಷ್ಟು ಸಾಕು, ಸಂದಿ ಮುಚ್ಚಿತು. ಉಸಿರು ಕೆಳಗಿನ ಅಗಲ ಹಾದಿಯಲ್ಲಿ ಹೇಗೋ ಆಡುತ್ತಿದ್ದರೂ ಘಮದ ಕಣಗಳು ಮೇಲಕ್ಕೆ ತಲುಪುವುದಿಲ್ಲ. ‘ಮೂಗು ಅಷ್ಟೇನೂ ಕಟ್ಟಿಲ್ಲ, ಆದರೂ ರುಚಿಯಿಲ್ಲ’ ಎಂದು ಕೆಲವರು ಹೇಳುವುದು ಇದಕ್ಕೇ.

ಕರಿಮೆಣಸಿನ ಸಾರು ಮಾತ್ರ ನೆಗಡಿಯಲ್ಲೂ ನಾಲಿಗೆಗೆ ಹಿತ. ಮೆಣಸಿನ ಉರಿ ಮುಖದ ಸ್ಪರ್ಶ, ನೋವು, ಬಿಸಿಗಳನ್ನು ಒಯ್ಯುವ ಟ್ರೈಜೆಮಿನಲ್ ನರಕ್ಕೆ ಸೇರಿದ್ದು, ಅದಕ್ಕೆ ಮೂಗಿನ ಸಂದಿ ತೆರೆದಿರಬೇಕಿಲ್ಲ. ಮೆಣಸಿನಕಾಯಿಯ ಖಾರವನ್ನು ಹಿಡಿಯುವ ಗ್ರಾಹಕ ಬಿಸಿಯನ್ನೂ ಹಿಡಿಯುತ್ತದೆಂದು ತೋರಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡವರು. ಪುದೀನ, ಮೆಂಥಾಲ್‌ಗಳ ತಂಪೂ ಇದೇ ನರದ ಹಾದಿ. ಎದೆಗೆ, ಮೂಗಿಗೆ ಬಾಮ್ ಹಚ್ಚಿಕೊಂಡಾಗ ಮೂಗು ಬಿಚ್ಚಿದಂತೆ ಅನ್ನಿಸುತ್ತದಲ್ಲ, ಅದರಲ್ಲಿ ಬಹುಪಾಲು ಈ ತಂಪಿನ ಭ್ರಮೆ. ಒಳಗಿನ ಊತ ಅಷ್ಟರಿಂದ ಇಳಿಯುವುದಿಲ್ಲ, ಸಾರಿನ ಇಂಗೂ ವಾಪಸು ಬರುವುದಿಲ್ಲ.

ರುಚಿ ಇಲ್ಲವೆಂದು ಉಪ್ಪಿನ ಡಬ್ಬಕ್ಕೆ ಕೈ ಹಾಕುವುದು ತಪ್ಪು ಲೆಕ್ಕ. ಉಪ್ಪು ಆವಿಯಾಗುವುದಿಲ್ಲ, ಅದಕ್ಕೆ ವಾಸನೆಯಿಲ್ಲ, ಅದು ನಾಲಿಗೆಯ ಖಾತೆ. ಇಂಗಿನ ಕೊರತೆಯನ್ನು ಉಪ್ಪು ತುಂಬಲಾರದು. (ನೈವೇದ್ಯದ ಅಡುಗೆಯವರು ಎಂಜಲಾಗುವುದೆಂದು ರುಚಿ ನೋಡದೆ, ಬರೀ ಘಮದಿಂದಲೇ ಉಪ್ಪು ಸರಿಯಿದೆಯೆಂದು ಹೇಳುತ್ತಾರೆ ಎನ್ನುವ ಮಾತಿದೆ. ಅದು ಮೂಗಿನ ಪವಾಡಕ್ಕಿಂತ ಕೈ ಅಳತೆಯ ಪಳಗಿಕೆ ಎಂದೇ ನನ್ನ ಎಣಿಕೆ.) ರಕ್ತದೊತ್ತಡದವರು ಮತ್ತೆ ಮತ್ತೆ ಉಪ್ಪು ಬೆರೆಸಿಕೊಂಡರೆ ನಷ್ಟ ಅವರಿಗೇ. ಅದರ ಬದಲು ಲಿಂಬೆ ಹಿಂಡಿ, ಮೆಣಸು ಹೆಚ್ಚಿಸಿ, ಬಾಯಿಗೆ ಕುರುಕುರು ಅನ್ನುವ ಹಪ್ಪಳ ಸುಟ್ಟುಕೊಡಿ. ಹುಳಿ, ಉರಿ, ಸದ್ದು ಮೂರೂ ಮೂಗನ್ನು ಕಾಯುವುದಿಲ್ಲ.

ಕೆಟ್ಟಿರುವುದು ನಾಲಿಗೆಯೋ ಮೂಗೋ ಎಂದು ತಿಳಿಯಲು ಸಕ್ಕರೆ, ಉಪ್ಪು, ಲಿಂಬೆರಸ ಮತ್ತು ಹಾಲು ಬೆರೆಸದ ಕಾಫಿ ಡಿಕಾಕ್ಷನ್ ಸಾಕು. ಒಂದೊಂದನ್ನು ನಾಲಿಗೆಗೆ ಮುಟ್ಟಿಸಿ, ನಡುವೆ ನೀರು ಮುಕ್ಕಳಿಸಿ. ಸಿಹಿ, ಉಪ್ಪು, ಹುಳಿ, ಕಹಿ ನಾಲ್ಕೂ ಗೊತ್ತಾಗುತ್ತಿದ್ದು ಡಿಕಾಕ್ಷನ್ ಬರೀ ಕಹಿ ಕಷಾಯ ಅನ್ನಿಸಿದರೆ ತೊಂದರೆ ಮೂಗಿನದು. ‘ನಾಲಿಗೆ ರುಚಿ ಹೋಗಿದೆ’ ಎಂದು ವೈದ್ಯರ ಬಳಿ ಹೋಗುವವರಲ್ಲಿ ಹೆಚ್ಚಿನವರ ನಿಜವಾದ ತೊಂದರೆ ಇದೇ. ಸಕ್ಕರೆ, ಉಪ್ಪೂ ತಿಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಬಾಯಿ ಒಣಗುವುದು, ಕೆಲವು ಔಷಧಿಗಳು, ನರದ ತೊಂದರೆ, ಹೀಗೆ.

ಸಾಮಾನ್ಯ ನೆಗಡಿಯಲ್ಲಿ ಊತ ಇಳಿದಂತೆ ಸಾರು ತನ್ನ ಪಾಡಿಗೆ ಮರಳುತ್ತದೆ. ಮೂಗು ಬಿಚ್ಚಿಸುವ ಸ್ಪ್ರೇಗಳು ಬೇಗ ಹಾದಿ ತೆರೆಯುತ್ತವೆ ನಿಜ, ಆದರೆ ಸತತ ಬಳಸಿದರೆ ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ನಾಲ್ಕೈದು ದಿನಕ್ಕಿಂತ ಹೆಚ್ಚು ಅದರ ಸಹವಾಸ ಬೇಡ. ಕೋವಿಡ್‌ನಲ್ಲಿ ಕಥೆ ಬೇರೆಯಿತ್ತು. 2020ರಲ್ಲಿ ಎಷ್ಟೋ ಜನರಿಗೆ ಮೂಗು ಕಟ್ಟದೆಯೇ ಕಾಫಿಯ ಘಮ ಹೋಯಿತು. ಆ ವೈರಸ್ ಮುಖ್ಯವಾಗಿ ಹೊಕ್ಕಿದ್ದು ವಾಸನೆಯ ನರಕೋಶಗಳಿಗೆ ಆಸರೆಯಾಗಿ ನಿಂತ ಪಕ್ಕದ ಕೋಶಗಳನ್ನು. ಆಸರೆ ಕುಸಿದಾಗ ನರಕೋಶಗಳೂ ಕೆಲಸ ನಿಲ್ಲಿಸಿದವು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳಿತು, ಕೆಲವರಿಗೆ ವಕ್ರವಾಗಿ ಮರಳಿತು. ಹುರಿದ ಈರುಳ್ಳಿ, ಕಾಫಿ ಕೊಳೆತಂತೆ ನಾರತೊಡಗಿದವು.

ಹೀಗೆ ವೈರಸ್‌ನಿಂದ ವಾಸನೆ ಕಳೆದುಕೊಂಡವರಿಗೆ ಜರ್ಮನಿಯ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಒಂದು ಅಭ್ಯಾಸ ಸೂಚಿಸಿತು. ಗುಲಾಬಿ, ನೀಲಗಿರಿ, ಲಿಂಬೆ, ಲವಂಗ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಗಮನವಿಟ್ಟು ಮೂಸುವುದು, 12 ವಾರ. ವಾಸನೆಯ ನರಕೋಶಗಳು ಸತ್ತರೂ ಹೊಸದಾಗಿ ಹುಟ್ಟುವಂಥವು, ಈ ಅಭ್ಯಾಸ ಅವುಗಳ ಚೇತರಿಕೆಗೆ ನೆರವಾಗುತ್ತದೆ ಎಂಬುದು ಅದರ ಹಿಂದಿನ ಎಣಿಕೆ. ಎಲ್ಲರಿಗೂ ಫಲ ಸಿಗದು, ಸಿಕ್ಕವರಿಗೂ ತಿಂಗಳುಗಳೇ ಹಿಡಿಯಬಹುದು. ಆದರೆ ಮೂಗಿನೊಳಗೆ ಪಾಲಿಪ್ ಎಂಬ ಮೆತ್ತನೆಯ ಗಂಟು ಬೆಳೆದು ದಾರಿ ಕಟ್ಟಿದ್ದರೆ ಮೂಸುವುದರಿಂದ ಪ್ರಯೋಜನವಿಲ್ಲ, ಮೊದಲು ಗಂಟಿಗೆ ಚಿಕಿತ್ಸೆಯಾಗಬೇಕು. ನೆಗಡಿ ವಾಸಿಯಾಗಿ ಕೆಲವು ವಾರ ಕಳೆದರೂ ವಾಸನೆ ಬಾರದಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಹೋಗಿದ್ದರೆ, ಅಥವಾ ಒಂದೇ ಹೊಳ್ಳೆ ಕಟ್ಟಿ ರಕ್ತವೋ ದುರ್ವಾಸನೆಯ ಸಿಂಬಳವೋ ಬರುತ್ತಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.

ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಒಂದು ಎಚ್ಚರ ಇರಲಿ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಸೋರಿಕೆ ಗೊತ್ತಾಗಲೆಂದು ಅದಕ್ಕೆ ಮರ್ಕ್ಯಾಪ್ಟಾನ್ ಎಂಬ ನಾರುವ ವಸ್ತುವನ್ನು ಬೆರೆಸಿರುತ್ತಾರೆ. ಮೂಗು ಕೆಲಸ ಮಾಡದವರಿಗೆ ಆ ಏರ್ಪಾಟಿನಿಂದ ಉಪಯೋಗವಿಲ್ಲ. ಹಾಗಾಗಿ ಅಡುಗೆ ಮುಗಿದ ಕೂಡಲೇ ರೆಗ್ಯುಲೇಟರ್ ಆಫ್ ಮಾಡಿ, ಹಾಲು ಕೆಟ್ಟಿದೆಯೇ, ನಿನ್ನೆಯ ಪಲ್ಯ ಹಳಸಿದೆಯೇ ಎಂದು ಮನೆಯ ಇನ್ನೊಬ್ಬರಿಗೆ ಮೂಸಿ ನೋಡಲು ಹೇಳಿ.